ಪರೀಕ್ಷಾ ಕೊಠಡಿಯಲ್ಲಿ ಪ್ಯಾಕೆಟ್, ಸೀಲು, ಲೆಕ್ಕ

ನಾಳೆ ಮೊದಲ ಸಲ ಕೊಠಡಿ ಮೇಲ್ವಿಚಾರಣೆ. ಪ್ರಶ್ನೆಪತ್ರಿಕೆ, ಉತ್ತರ ಪತ್ರಿಕೆ ತಗೊಳ್ಳುವಾಗ ಏನೇನು ನೋಡ್ಕೋಬೇಕು?

ಸೀಲಿಗಿಂತ ಮೊದಲು ಪ್ಯಾಕೆಟ್ ಮೇಲಿನ ಬರಹ ಓದಿ: ವಿಷಯ, ಸಂಕೇತ, ದಿನಾಂಕ, ಪ್ರತಿಗಳ ಸಂಖ್ಯೆ. ತಪ್ಪು ವಿಷಯದ ಪ್ಯಾಕೆಟ್ ಒಡೆದರೆ ಮತ್ತೆ ಮುಚ್ಚಲು ಆಗುವುದಿಲ್ಲ. ಆಮೇಲೆ ಅಂಚು ನೋಡಿ. ಎರಡನೇ ಸಲ ಅಂಟಿಸಿದ ಗುರುತಿದ್ದರೆ ತೆರೆಯದೆ ಮುಖ್ಯ ಅಧೀಕ್ಷಕರಿಗೆ ತೋರಿಸಿ.

ಜಾಸ್ತಿ ಎಡವಟ್ಟಾಗುವುದು ಉತ್ತರ ಪತ್ರಿಕೆಯ ಲೆಕ್ಕದಲ್ಲಿ. ನೀವು 26 ಪಡೆದಿರಿ ಅಂದುಕೊಳ್ಳಿ. 22 ಜನ ಬರೆದರು, 1 ಹಾಳಾಯಿತು, 3 ಖಾಲಿ ಉಳಿದವು. ಒಟ್ಟು 26, ತಾಳೆಯಾಯಿತು. ಹಾಳಾದದ್ದನ್ನು ಸುಮ್ನೆ ಹರಿದು ಎಸೆಯಬೇಡಿ, ‘ರದ್ದು’ ಎಂದು ಬರೆದು ವಾಪಸ್ ಕೊಡಿ. ಗೈರಾದವರ ಪ್ರತಿ ಖಾಲಿ ಉಳಿದವುಗಳಲ್ಲೇ ಸೇರುತ್ತದೆ. ಬರೆದ ಪತ್ರಿಕೆಗಳ ಸಂಖ್ಯೆ ಹಾಜರಿ ಸಹಿಗಳಿಗೆ ಹೊಂದುವ ತನಕ ಯಾರನ್ನೂ ಹೊರಗೆ ಬಿಡಬೇಡಿ.