ಕ್ಯಾಲಿಬ್ರೇಷನ್ ಸಭೆಯಲ್ಲಿ ರೇಟಿಂಗ್ ಏಕೆ ಇಳಿಯುತ್ತದೆ?

ಪ್ರಶ್ನೆ: ಬೆಳಗಾವಿಯವನು, ಪುಣೆಯ ಹಿಂಜವಡಿಯಲ್ಲಿ ಟೆಸ್ಟರ್ ಆಗಿದ್ದೇನೆ. ಮ್ಯಾನೇಜರ್ 4 ಎಂದಿದ್ದರು, ಕ್ಯಾಲಿಬ್ರೇಷನ್ ಸಭೆಯ ನಂತರ 3 ಆಯಿತು. ನನ್ನ ಕೆಲಸ ನೋಡದವರು ಅದನ್ನು ಇಳಿಸಿದ್ದು ಹೇಗೆ?

ಉತ್ತರ: ಕ್ಯಾಲಿಬ್ರೇಷನ್ ಸಭೆಯಲ್ಲಿ ಬೇರೆ ಬೇರೆ ತಂಡಗಳ ಮ್ಯಾನೇಜರ್‌ಗಳು ತಾವು ಕೊಟ್ಟ ರೇಟಿಂಗ್‌ಗಳನ್ನು ಒಟ್ಟಿಗೆ ಕೂತು ಹೋಲಿಸುತ್ತಾರೆ; ಅಲ್ಲಿ ಅವರು ನೋಡುವುದು ನಿಮ್ಮ ಮ್ಯಾನೇಜರ್ ಮಂಡಿಸಿದ ಪುರಾವೆಯನ್ನು. ಒಬ್ಬ ಮ್ಯಾನೇಜರ್ ಧಾರಾಳವಾಗಿ 4 ಕೊಡುತ್ತಾರೆ, ಪಕ್ಕದ ತಂಡದವರು ಅಂಥದ್ದೇ ಕೆಲಸಕ್ಕೆ 3 ಕೊಡುತ್ತಾರೆ. ಆದ್ದರಿಂದ ಒಂದೇ ದರ್ಜೆಯವರನ್ನು ಒಟ್ಟಿಗಿಟ್ಟು, ಆ ದರ್ಜೆಯ ನಿರೀಕ್ಷೆಗೆ ಹೋಲಿಸುತ್ತಾರೆ. ಹೆಚ್ಚಿನ ಸಮಯ ಹೋಗುವುದು ಎರಡು ಅಂಕಗಳ ಗಡಿಯಲ್ಲಿರುವವರ ಮೇಲೆ.

ಇಬ್ಬರು ಹಿರಿಯ ಟೆಸ್ಟರ್‌ಗಳಿದ್ದಾರೆ ಎಂದುಕೊಳ್ಳಿ. ಇಬ್ಬರೂ ರಿಗ್ರೆಷನ್ ಪರೀಕ್ಷೆಗಳನ್ನು ಸ್ವಯಂಚಾಲಿತಗೊಳಿಸಿ, ಎರಡು ದಿನಗಳ ಕೆಲಸವನ್ನು ಮೂರು ಗಂಟೆಗೆ ಇಳಿಸಿದ್ದಾರೆ. ಒಬ್ಬರಿಗೆ 4, ಇನ್ನೊಬ್ಬರಿಗೆ 3 ಬಂದಿದೆ. ಆಗ ಸಭೆ ಕೇಳುತ್ತದೆ: 4 ಬಂದವರು ಮಾಡಿದ್ದನ್ನು ಬೇರೆ ತಂಡಗಳೂ ಬಳಸುತ್ತಿವೆಯೇ? ಬಳಸುತ್ತಿದ್ದರೆ 4 ಉಳಿಯುತ್ತದೆ. ಇಬ್ಬರದೂ ಸ್ವಂತ ತಂಡದೊಳಗೇ ಉಳಿದಿದ್ದರೆ, ಹಿರಿಯ ದರ್ಜೆಗೆ ಅದು ನಿರೀಕ್ಷಿತ ಕೆಲಸ; ಇಬ್ಬರಿಗೂ 3. ‘ತುಂಬಾ ಶ್ರಮಜೀವಿ’ ಎಂಬ ಸಮರ್ಥನೆ ಅಲ್ಲಿ ನಿಲ್ಲುವುದಿಲ್ಲ.

ಕೆಡುವುದೂ ಅಲ್ಲಿಯೇ. ಗಟ್ಟಿಯಾಗಿ ವಾದಿಸುವ ಮ್ಯಾನೇಜರ್‌ನ ತಂಡಕ್ಕೆ ಲಾಭವಾಗುತ್ತದೆ. ಕೆಲವು ಕಂಪನಿಗಳಲ್ಲಿ 4 ಇಷ್ಟೇ ಜನರಿಗೆ ಎಂಬ ಮಿತಿಯಿದ್ದು, ಲೆಕ್ಕ ಸರಿಹೊಂದಿಸಲು ಯಾರನ್ನಾದರೂ ಇಳಿಸುತ್ತಾರೆ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಮ್ಮ ರೇಟಿಂಗ್ ಇಳಿದದ್ದು ಹೋಲಿಕೆಯಿಂದಲೋ ಮಿತಿಯಿಂದಲೋ ಎಂದು ತಿಳಿಯಲು ಮ್ಯಾನೇಜರ್ ಅವರನ್ನು ಕೇಳಿ: ‘4ಕ್ಕೆ ಯಾವ ಕೆಲಸ ಕಡಿಮೆಯಿತ್ತು?’ ಅವರು ನಿರ್ದಿಷ್ಟ ಕೆಲಸವನ್ನು ಹೆಸರಿಸಿದರೆ ಹೋಲಿಕೆ ನಡೆದಿದೆ. ‘ಮೇಲಿನವರ ನಿರ್ಧಾರ’ ಎಂದಷ್ಟೇ ಹೇಳಿದರೆ ಮಿತಿಯ ಬಗ್ಗೆ ಅನುಮಾನ ಪಡಬಹುದು.