ಪ್ಯಾನ್ ನನ್ನದು, ಸಾಲ ಯಾರದ್ದೋ!

ಪ್ರಶ್ನೆ: ಮನೆ ಸಾಲಕ್ಕೆ ಹೋದಾಗ ನನ್ನ ಪ್ಯಾನ್ ಮೇಲೆ ₹42,000 ಪರ್ಸನಲ್ ಲೋನ್ ಇದೆ, ಕಂತು ಬಾಕಿ ಇದೆ ಅಂದರು. ನಾನು ತಗೊಂಡೇ ಇಲ್ಲ. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್ ನೋಡಿದರೆ ಗೊತ್ತಿಲ್ಲದ ಬ್ಯಾಂಕಿನಲ್ಲಿ ₹11 ಲಕ್ಷ ನಗದು ಜಮಾ ಆಗಿದೆ. ಯಾರಿಗೆ ಏನಂತ ಬರೆಯಲಿ ಸರ್?
– ಓದುಗರು, ದಾವಣಗೆರೆ

ಉತ್ತರ: ರಿಕವರಿಯವರು ಫೋನ್ ಮಾಡಿ ‘ಐದು ಸಾವಿರ ಕಟ್ಟಿ, ಮುಗಿಸಿಬಿಡೋಣ’ ಅಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ.

ಸಾಲ ಕೊಟ್ಟವರಿಗೆ ಬರೆಯುವಾಗ ಬಹಳ ಜನ ‘ದಯವಿಟ್ಟು ಈ ಸಾಲ ಕ್ಲೋಸ್ ಮಾಡಿ’ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಇಲ್ಲದ ಸಾಲವನ್ನು ಕ್ಲೋಸ್ ಮಾಡೋದು ಹೇಗೆ, ಅಲ್ವಾ? ಕ್ರೆಡಿಟ್ ರಿಪೋರ್ಟಿನಲ್ಲಿರುವ ಲೋನ್ ಖಾತೆ ನಂಬರ್, ತೆರೆದ ದಿನಾಂಕ ನೋಡಿಕೊಂಡು ನೋಡಲ್ ಅಧಿಕಾರಿಗೆ ಹೀಗೆ ಬರೆಯಿರಿ:

‘ಈ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ, ಹಣ ಪಡೆದಿಲ್ಲ. ಅರ್ಜಿ, ಕೆವೈಸಿ ದಾಖಲೆ, ಫೋಟೊ, ಆಗ ಬಳಸಿದ ಮೊಬೈಲ್ ನಂಬರ್ ಮತ್ತು ಹಣ ಜಮಾ ಆದ ಬ್ಯಾಂಕ್ ಖಾತೆಯ ವಿವರ ಕೊಡಿ. ವಂಚನೆ ಎಂದು ದಾಖಲಿಸಿ, ವಸೂಲಿ ನಿಲ್ಲಿಸಿ, ಕ್ರೆಡಿಟ್ ಸಂಸ್ಥೆಗಳಿಂದ ಈ ನಮೂದನ್ನು ತೆಗೆಸಿ.’

ಇದರಲ್ಲಿ ಜೀವಾಳ ಇರುವುದು ಹಣ ಹೋದ ಖಾತೆಯಲ್ಲಿ. ಆ ಖಾತೆ ನಿಮ್ಮದಲ್ಲ ಅಂತ ಒಮ್ಮೆ ಗೊತ್ತಾದರೆ ಅವರಿಗೆ ವಾದ ಮಾಡಲು ಜಾಸ್ತಿ ಏನೂ ಉಳಿಯುವುದಿಲ್ಲ. ಜೊತೆಗೆ cybercrime.gov.in ನಲ್ಲಿ ದೂರು ಕೊಟ್ಟು ಅದರ ನಂಬರನ್ನೂ ಕಾಗದದಲ್ಲಿ ಬರೆಯಿರಿ. ಆಧಾರ್ ಪ್ರತಿ ಕೇಳಿದರೆ ಮಾಸ್ಕ್ ಮಾಡಿದ್ದು ಮಾತ್ರ ಕೊಡಿ. ಇಮೇಲ್ ಕಳಿಸಿದರೂ ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಲಿ.

ಸಿಬಿಲ್ ಅಥವಾ ಬೇರೆ ಯಾವ ಕ್ರೆಡಿಟ್ ಸಂಸ್ಥೆಯ ರಿಪೋರ್ಟಿನಲ್ಲಿ ಇದು ಕಂಡಿತೋ ಅಲ್ಲೂ ಡಿಸ್ಪ್ಯೂಟ್ ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಗಡುವು ನಿಮ್ಮ ದೂರಿನ ದಿನದಿಂದ ಶುರುವಾಗುವುದರಿಂದ ಸುಮ್ನೆ ಫೋನಿನಲ್ಲಿ ಹೇಳಿ ಬಿಡಬೇಡಿ.

ಇನ್ನು ತೆರಿಗೆ ಇಲಾಖೆ. ಇಲ್ಲಿ ಮೊದಲ ಹೆಜ್ಜೆ ಕಾಗದವಲ್ಲ, ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡಬೇಕು. ಆ ₹11 ಲಕ್ಷದ ಸಾಲಿನ ಮೇಲೆ ಒತ್ತಿ `Information is denied` ಆರಿಸಿ. `Information relates to other PAN/Year` ಒತ್ತಿದರೆ ಆ ಇನ್ನೊಬ್ಬರ ಪ್ಯಾನ್ ಕೇಳುತ್ತದೆ, ಅದು ನಿಮಗೆಲ್ಲಿ ಗೊತ್ತಿರುತ್ತದೆ? ರಸೀದಿ ಇಳಿಸಿಕೊಳ್ಳಿ. ಜಮಾ ಆದ ಬ್ಯಾಂಕಿಗೂ ಬೇರೆ ಕಾಗದ ಬರೆದು, ಖಾತೆಗೆ ನಿಮ್ಮ ಪ್ಯಾನ್ ಹೇಗೆ ಸೇರಿತು ಎಂದು ಕೇಳಿ, ಇಲಾಖೆಗೆ ತಿದ್ದುಪಡಿ ಕಳಿಸಲು ಹೇಳಿ. ಅಂಕಿ ತಪ್ಪಾಗಿ ಟೈಪ್ ಆಗಿದ್ದರೂ ಹೀಗಾಗುತ್ತದೆ, ಎಲ್ಲವೂ ಮೋಸವೇ ಆಗಿರಬೇಕಿಲ್ಲ. ಮುಂದೆ ನೋಟಿಸ್ ಬಂದರೆ ಈ ಕಾಗದಗಳನ್ನೇ ಪೋರ್ಟಲ್‌ನಲ್ಲಿ ಉತ್ತರದ ಜೊತೆ ಹಾಕಿ.

ಸಾಲ ಕೊಟ್ಟವರು 30 ದಿನ ಕಳೆದರೂ ಉತ್ತರ ಕೊಡದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಿ. ಆಯ್ತು, ತೆಗೆದೆವು ಅಂದ ಮೇಲೆ ರಿಪೋರ್ಟನ್ನು ಮತ್ತೆ ತೆಗೆದು ನೋಡಿ. ಆ ಸಾಲು ಪೂರ್ತಿ ಹೋಗಿರಬೇಕು. `Settled` ಅಂತ ಉಳಿದಿದ್ದರೆ ಕೆಲಸ ಇನ್ನೂ ಆಗಿಲ್ಲ.