ಹಲವು ಬಗೆಯ ಸೋಪು, ಒಂದೇ ಕ್ರಮದ ಹೆಸರು

ಪುಣೆಯಲ್ಲಿ ಮನೆಯಲ್ಲೇ ಸೋಪು ಮಾಡಿ ಮಾರ್ತೀನಿ. ಬೇರೆ ಬೇರೆ ಬಗೆಗಳಿಗೆ ಗೊಂದಲವಾಗದ ಹಾಗೆ ಹೆಸರಿಡೋದು ಹೇಗೆ?

ಮೊದಲು ಮುಖ್ಯ ಎಣ್ಣೆ, ಆಮೇಲೆ ಪರಿಮಳ, ಕೊನೆಗೆ ತೂಕ. ಈ ಕ್ರಮವನ್ನು ಎಲ್ಲಿಯೂ ತಪ್ಪಿಸಬೇಡಿ. ‘ಕೊಬ್ಬರಿ–ವೆನಿಲ್ಲಾ–100’, ‘ಕೊಬ್ಬರಿ–ಬೇವು–100’ ಅಂತ ಬರೆದರೆ ಒಂದೇ ಎಣ್ಣೆಯವು ಪಟ್ಟಿಯಲ್ಲಿ ತಾವಾಗೇ ಒಟ್ಟಿಗೆ ಬರುತ್ತವೆ.

ಬಣ್ಣವನ್ನು ಮಾತ್ರ ಹೆಸರಿಗೆ ಸೇರಿಸಬೇಡಿ, ಯಾಕಂದ್ರೆ ವೆನಿಲ್ಲಾ ಪರಿಮಳದಲ್ಲಿ ಸಾಮಾನ್ಯವಾಗಿ ಇರುವ ವೆನಿಲಿನ್ ಸೋಪನ್ನು ನಿಧಾನವಾಗಿ ಕಂದು ಮಾಡುತ್ತದೆ, ‘ಬಿಳಿ ವೆನಿಲ್ಲಾ’ ಅಂತ ಲೇಬಲ್ ಅಂಟಿಸಿದ್ದರೆ ಅದು ಸುಳ್ಳಾಗುತ್ತೆ ಅಲ್ವಾ? ತೂಕವೂ ಹಾಗೇ ಬದಲಾಗುತ್ತೆ. ಕತ್ತರಿಸಿದ ದಿನದ್ದಲ್ಲ, 4–6 ವಾರ ಒಣಗಿ ನೀರಿನಂಶ ಹೋದ ಮೇಲಿನದನ್ನೇ ಬರೆಯಿರಿ. ಬ್ಯಾಚ್ ನಂಬರು ಹೆಸರಲ್ಲಿ ಬೇಡ, ಲೇಬಲ್ಲಿನ ಮೂಲೆಯಲ್ಲಿ ಸಾಕು.